ಡೂಪ್‌ಗೆ ಗಡ್ಡ, ಹೀರೋಗೆ ಬರೀ ಮೀಸೆ: ಮುಖ ಬದಲಿಸುವಾಗ ದವಡೆಯ ಗೆರೆಯಲ್ಲಿ ಬರುವ ತೊಂದರೆ

ಸಾಗರ_ಕಂಪ್

ಎಲ್ಲರಿಗೂ ನಮಸ್ಕಾರ. ಒಂದು ಬೈಕ್ ಶಾಟ್ ಇದೆ, 24 ಎಫ್‌ಪಿಎಸ್‌ನಲ್ಲಿ 144 ಫ್ರೇಮು. ಓಡಿಸಿದ್ದು ಡೂಪ್, ಮುಖ ಹೀರೋದು ಬರಬೇಕು. ಇಬ್ಬರ ಒಪ್ಪಿಗೆಯೂ ಬರವಣಿಗೆಯಲ್ಲಿದೆ, ಹೀರೋ ಕಡೆಯಿಂದ ಸೋರ್ಸ್ ಫೂಟೇಜನ್ನೂ ಕೊಟ್ಟಿದ್ದಾರೆ. ತೊಂದರೆ ಏನೆಂದರೆ ಡೂಪ್‌ಗೆ ಸುಮಾರು ಹತ್ತು ದಿನದ ಗಡ್ಡ ಇದೆ. ಅವರಿಗೆ ಮರುದಿನ ಬೇರೆ ಚಿತ್ರದ ಕೆಲಸ ಇದ್ದಿದ್ದರಿಂದ ಬೋಳಿಸಲು ಆಗಲಿಲ್ಲ. ಹೀರೋ ಪಾತ್ರಕ್ಕೆ ದಪ್ಪ ಮೀಸೆ, ಗಲ್ಲ ನುಣ್ಣಗೆ.

ಡೀಪ್‌ಫೇಸ್‌ಲ್ಯಾಬ್‌ನಲ್ಲಿ ಹೋಲ್ ಫೇಸ್, 256 ರೆಸಲ್ಯೂಶನ್, `liae-ud`. ಸೋರ್ಸ್ ಚಿತ್ರ ಸುಮಾರು 3,800. ಮರ್ಜ್ ಮಾಡಿದಾಗ ಮೂರು ತಪ್ಪು ಕಾಣುತ್ತಿವೆ. ಒಂದು, ದವಡೆಯ ಗೆರೆಯವರೆಗೂ ನುಣುಪು, ಅದರ ಕೆಳಗೆ ಕತ್ತಿನ ಮೇಲೆ ಡೂಪ್‌ನ ಗಡ್ಡ. ಮುಖವಾಡ ಕಟ್ಟಿದ ಹಾಗಿದೆ. ಎರಡು, ಗಲ್ಲದ ಮೇಲೆ ಒಮ್ಮೆ ಮಬ್ಬು ಕಪ್ಪು ಬರುತ್ತದೆ, ಹತ್ತು ಫ್ರೇಮ್ ಕಳೆದರೆ ಮಾಯ. ಮೂರು, ಇಡೀ ಮುಖವೇ ಮಂಕಾಗಿ, ಬೂದಿ ಬಳಿದ ಹಾಗಾಗಿದೆ. ಎಲ್ಲಿಂದ ಶುರು ಮಾಡಲಿ?

ಪಿಕ್ಸೆಲ್_ಗೌಡ

ಗುರು, ಇದು ಸಿಂಪಲ್. ಮೊದಲು ಪ್ಲೇಟಲ್ಲೇ ಗಡ್ಡ ತೆಗೆದುಬಿಡು. ಗಲ್ಲ, ಕತ್ತು ಎರಡಕ್ಕೂ ಪೇಂಟ್ ಹೊಡೆದು ಕ್ಲೀನ್ ಮಾಡಿ, ಆ ಕ್ಲೀನ್ ಪ್ಲೇಟನ್ನೇ `data_dst` ಮಾಡಿ ಮುಖ ತೆಗಿ. ಮಾಡೆಲ್‌ಗೆ ಗಡ್ಡ ಅನ್ನೋದೇ ಗೊತ್ತಾಗಬಾರದು. ಗೊತ್ತಾಗದಿದ್ರೆ ಕಪ್ಪು ಮಬ್ಬು ಎಲ್ಲಿಂದ ಬರುತ್ತೆ?

ಬಣ್ಣದ_ಪೆಟ್ಟಿಗೆ

ಸಾಗರ್ ಅವರೇ, ಡೂಪ್‌ಗೆ ಮೀಸೆ ಅಂಟಿಸೋದಾದ್ರೆ ಕ್ರೇಪ್ ಕೂದಲು ಬೇಡ, ಲೇಸ್ ಮೀಸೆ ತರಿಸಿ. ಬೈಕ್ ಮೇಲೆ ಗಾಳಿಗೆ ಕ್ರೇಪ್ ಕೂದಲು ಎದ್ದು ನಿಲ್ಲುತ್ತೆ. ಸ್ಪಿರಿಟ್ ಗಮ್ ತೆಳ್ಳಗೆ ಹಚ್ಚಿ, ಬೆರಳಿಂದ ತಟ್ಟಿ ಜಿಗುಟು ಬಂದ ಮೇಲೆ ಲೇಸ್ ಇಡಬೇಕು. ಹಸಿ ಇರುವಾಗಲೇ ಇಟ್ಟರೆ ಅಂಚು ಹೊಳೆಯುತ್ತೆ, ಕ್ಯಾಮೆರಾಗೆ ಸಿಕ್ಕಿಬೀಳುತ್ತೆ. ಅವರ ಸ್ವಂತ ಮೀಸೆ ಮೇಲೆ ಅಂಟಿಸೋಕೆ ಹೋಗಬೇಡಿ, ನಿಲ್ಲೋದೂ ಇಲ್ಲ, ತೆಗೆಯುವಾಗ ಕೂದಲೂ ಕಿತ್ತು ಬರುತ್ತೆ.

ಸಾಗರ_ಕಂಪ್

ಮೇಡಂ, ಶೂಟಿಂಗ್ ಮುಗಿದಿದೆ. ನಾನು ಕೇಳುತ್ತಿರುವುದು ಕಂಪ್ಯೂಟರ್ ಕಡೆಯ ಕೆಲಸ.

ಹಳೇ_ಫ್ರೇಮ್

ಬಣ್ಣದ_ಪೆಟ್ಟಿಗೆ ಅವರ ಮಾತನ್ನು ಪಕ್ಕಕ್ಕೆ ಇಡಬೇಡಿ, ಮುಂದೆ ಬೇಕಾಗುತ್ತದೆ.

ಸಾಗರ್, ನಿಮ್ಮ ಮೂರೂ ತಪ್ಪುಗಳಿಗೆ ಮೂಲ ಡೂಪ್‌ನ ಗಡ್ಡ ಅಂತ ಅನ್ನಿಸುತ್ತದೆ, ಆದರೆ ಮೂರೂ ಬೇರೆ ಬೇರೆ ಬಾಗಿಲಿನಿಂದ ಬರುತ್ತಿವೆ. ಒಂದೊಂದಾಗಿ ನೋಡೋಣ.

ಮೊದಲು ಎರಡನೆಯದು, ಬಂದು ಹೋಗುವ ಕಪ್ಪು ಮಬ್ಬು. ಇದಕ್ಕೆ ಡೂಪ್‌ಗಿಂತ ಮುಂಚೆ ನಿಮ್ಮ ಸೋರ್ಸ್ ಮೇಲೆ ಅನುಮಾನ ಪಡಿ. ಆ 3,800 ಚಿತ್ರಗಳಲ್ಲಿ ಹೀರೋ ಎಲ್ಲದರಲ್ಲೂ ನುಣ್ಣಗಿದ್ದಾರಾ? ಬೇರೆ ಬೇರೆ ದಿನದ ಫೂಟೇಜ್ ಆಗಿದ್ದರೆ ಒಂದು ದಿನ ಬೆಳಿಗ್ಗೆ ಬೋಳಿಸಿದ್ದು, ಇನ್ನೊಂದು ದಿನ ಎರಡು ದಿನದ ಕುರುಚಲು, ಮತ್ತೊಂದು ಕಡೆ ಸಂಜೆಯ ಕಪ್ಪು ಛಾಯೆ ಇರುತ್ತದೆ. ಮಾಡೆಲ್‌ಗೆ ಇವು ಮೂರು ಶೈಲಿ ಅಂತ ಯಾರೂ ಹೇಳಿರುವುದಿಲ್ಲ. ಅದು ಶೈಲಿಯನ್ನು ಕೋನಕ್ಕೆ, ಬೆಳಕಿಗೆ ಗಂಟು ಹಾಕಿಕೊಳ್ಳುತ್ತದೆ. ಎಡಕ್ಕೆ ತಿರುಗಿದ ಚಿತ್ರಗಳೆಲ್ಲ ಕುರುಚಲು ಇದ್ದ ದಿನದವಾದರೆ, ಡೂಪ್ ಎಡಕ್ಕೆ ತಿರುಗಿದಾಗಲೆಲ್ಲ ಹೀರೋ ಗಲ್ಲದಲ್ಲಿ ಕುರುಚಲು ಮೂಡುತ್ತದೆ. ಪರೀಕ್ಷೆ ಸುಲಭ: ಮಬ್ಬು ಬರುವ ಹತ್ತು ಫ್ರೇಮಿನಲ್ಲಿ ತಲೆ ಎತ್ತ ತಿರುಗಿದೆ ನೋಡಿ. `data_src/aligned` ಅನ್ನು ತಿರುವಿನ ಪ್ರಕಾರ ಸಾರ್ಟ್ ಮಾಡಿ, ಅದೇ ಕೋನದ ಸೋರ್ಸ್ ಚಿತ್ರಗಳ ಗಲ್ಲ ನೋಡಿ. ಅಲ್ಲಿ ಕುರುಚಲು ಸಿಕ್ಕರೆ ಕಳ್ಳ ಸಿಕ್ಕ.

ಡೂಪ್‌ನ ಗಡ್ಡ ಸೋರುವುದೂ ಉಂಟು, `liae` ಬಳಗದಲ್ಲಿ ಹೆಚ್ಚು. ಅದು ಡೂಪ್ ಮುಖದ ಬೆಳಕು, ನೆರಳನ್ನು ಚೆನ್ನಾಗಿ ಹಿಡಿಯುತ್ತದೆ ಅಂತಲೇ ಜನ ಅದನ್ನು ಇಷ್ಟಪಡುವುದು. ಗಲ್ಲದ ಕಪ್ಪು ಅದರ ಕಣ್ಣಿಗೆ ನೆರಳಿನ ಹಾಗೇ ಕಾಣುತ್ತದೆ. ಆದರೆ ಹಾಗೆ ಸೋರಿದ್ದು ಎಲ್ಲ ಫ್ರೇಮಿನಲ್ಲೂ ಸ್ವಲ್ಪ ಸ್ವಲ್ಪ ಇರುತ್ತದೆ. ನಿಮ್ಮದು ಬಂದು ಹೋಗುತ್ತಿದೆ, ಹಾಗಾಗಿ ಸೋರ್ಸ್ ಅನ್ನುತ್ತಿದ್ದೇನೆ.

ಹಳೇ_ಫ್ರೇಮ್

ಮುಂದುವರಿಸುತ್ತೇನೆ. ಮೂರನೆಯದು, ಬೂದಿ ಬಣ್ಣ. ಮರ್ಜರ್‌ನಲ್ಲಿ ಕಲರ್ ಟ್ರಾನ್ಸ್‌ಫರ್ `rct` ಇಟ್ಟಿದ್ದೀರಿ ಅಂದುಕೊಳ್ಳುತ್ತೇನೆ. ಅದು ಮಾಡುವುದು ಇಷ್ಟೇ: ಮಾಸ್ಕ್ ಒಳಗಿನ ಡೂಪ್ ಮುಖದ ಬಣ್ಣದ ಸರಾಸರಿ ಮತ್ತು ಹರವನ್ನು ತೆಗೆದುಕೊಂಡು, ಹೊಸ ಮುಖದ ಸರಾಸರಿ ಮತ್ತು ಹರವನ್ನು ಅದಕ್ಕೆ ಹೊಂದಿಸುವುದು. ಡೂಪ್ ಮುಖದ ಕೆಳಗಿನ ಮೂರನೇ ಒಂದು ಭಾಗ ಗಡ್ಡ. ಅಲ್ಲಿನ ಕಪ್ಪು ಸರಾಸರಿಯನ್ನು ಕೆಳಗೆಳೆಯುತ್ತದೆ, ಕೆಂಪನ್ನು ತಗ್ಗಿಸುತ್ತದೆ. ಹೀರೋ ಮುಖದಲ್ಲಿ ಆ ಕಪ್ಪಿಗೆ ಜಾಗ ಇಲ್ಲ, ಆದರೂ ಲೆಕ್ಕ ಸರಿ ಬರಬೇಕು. ಹಾಗಾಗಿ ಹಣೆ, ಕೆನ್ನೆಗಳೆಲ್ಲ ಸೇರಿ ಆ ಸಾಲವನ್ನು ತೀರಿಸುತ್ತವೆ, ಇಡೀ ಮುಖ ಮಂಕಾಗುತ್ತದೆ.

ಮರ್ಜರ್‌ನಲ್ಲಿ ಕಲರ್ ಟ್ರಾನ್ಸ್‌ಫರ್ ತೆಗೆದುಹಾಕಿ. ಮುಖವನ್ನೂ, `merged_mask` ಫೋಲ್ಡರಿನ ಮಾಸ್ಕನ್ನೂ ನ್ಯೂಕ್‌ಗೆ ತನ್ನಿ. ಹಣೆಯ ಮಧ್ಯ ಮತ್ತು ಕಣ್ಣಿನ ಕೆಳಗಿನ ಕೆನ್ನೆ, ಎರಡೇ ಕಡೆ ಡೂಪ್ ಮತ್ತು ಹೀರೋ ಬಣ್ಣ ಅಳೆದು ಕೈಯಿಂದ ಗ್ರೇಡ್ ಮಾಡಿ. ಇಬ್ಬರಿಗೂ ಅಲ್ಲಿ ಇರುವುದು ಬರೀ ಚರ್ಮ. ಚರ್ಮಕ್ಕೆ ಚರ್ಮ ಹೋಲಿಸಬೇಕು, ಚರ್ಮಕ್ಕೆ ಗಡ್ಡವನ್ನಲ್ಲ.

ಇದೇ ಮಾತು ನಿಮ್ಮ ಮೊದಲನೇ ತೊಂದರೆಗೂ ಅನ್ವಯಿಸುತ್ತದೆ. ಮಾಸ್ಕಿನ ಗೆರೆ ಹಾದುಹೋಗುವ ಜಾಗದಲ್ಲಿ ಒಳಗೂ ಹೊರಗೂ ಒಂದೇ ವಸ್ತು ಇರಬೇಕು. ಒಳಗೆ ಚರ್ಮ ಇದ್ದರೆ ಹೊರಗೂ ಚರ್ಮ, ಒಳಗೆ ಕೂದಲಿದ್ದರೆ ಹೊರಗೂ ಕೂದಲು. ಈಗ ನಿಮ್ಮ ಗೆರೆಯ ಒಳಗೆ ಚರ್ಮ, ಹೊರಗೆ ಕೂದಲು. ಬ್ಲರ್ ಎಷ್ಟೇ ಏರಿಸಿದರೂ ಅರ್ಧ ಗಡ್ಡದ ಮಸಿ ಬರುತ್ತದೆಯೇ ಹೊರತು ಗೆರೆ ಮುಚ್ಚುವುದಿಲ್ಲ. ಹೋಲ್ ಫೇಸ್ ಮಾಸ್ಕ್ ಹಣೆಯಿಂದ ಗಲ್ಲದ ತುದಿಯವರೆಗೆ ಬರುತ್ತದೆ, ದವಡೆಯ ಅಡಿಭಾಗ, ಕತ್ತು ಅದಕ್ಕೆ ಸೇರುವುದಿಲ್ಲ. ಅಲ್ಲಿ ಏನಾಗಬೇಕೋ ಅದು ಕಂಪ್‌ನಲ್ಲೇ ಆಗಬೇಕು.

ಪಿಕ್ಸೆಲ್_ಗೌಡ

ಅದನ್ನೇ ನಾನೂ ಹೇಳಿದ್ದು ಅಣ್ಣಾ. ಗಡ್ಡ ತೆಗಿ ಅಂತ.

ರೋಟೋ_ರಾಣಿ

ಗೌಡ್ರೇ, ಅರ್ಧ ಸರಿ ಹೇಳಿದ್ದೀರಿ. ಕತ್ತು ಕ್ಲೀನ್ ಮಾಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಲ್ಲವನ್ನೂ ಮೊದಲೇ ಪೇಂಟ್ ಮಾಡಿ ಅದನ್ನು ಮಾಡೆಲ್‌ಗೆ ಕೊಡುವುದರಿಂದ ಎರಡು ನಷ್ಟ. ಮಾಸ್ಕ್ ಒಳಗೆ ಹೇಗೂ ಹೊಸ ಮುಖ ಕೂರುತ್ತದೆ, ಅಲ್ಲಿ ಪೇಂಟ್ ಮಾಡಿದ ದುಡಿಮೆ ದಂಡ. ಅದಕ್ಕಿಂತ ಕೆಟ್ಟದ್ದು, ಪೇಂಟ್ ಪ್ಯಾಚ್ ದವಡೆಯ ಜೊತೆ ಸರಿಯಾಗಿ ಅಲುಗದಿದ್ದರೆ ಮಾಡೆಲ್‌ಗೆ ಬಾಯಿ ತೆರೆದಿದೆಯಾ, ಗಲ್ಲ ಎಳೆದಿದೆಯಾ ಅನ್ನುವ ಸುಳಿವು ತಪ್ಪುತ್ತದೆ. ಡೂಪ್ ಹಲ್ಲು ಕಚ್ಚಿದ ಫ್ರೇಮಿನಲ್ಲಿ ಹೀರೋ ಸುಮ್ಮನೆ ಕೂತಿರುತ್ತಾನೆ. ಮೂಲ ಪ್ಲೇಟಿನಲ್ಲಿ ಗಡ್ಡದ ಕೂದಲೇ ಎಷ್ಟೋ ಸಲ ಆ ಚಲನೆಯನ್ನು ತೋರಿಸುತ್ತಿರುತ್ತದೆ.

ನನ್ನ ಕ್ರಮ ಹೀಗೆ. ಮುಖ ತೆಗೆಯುವುದು, ಟ್ರೈನ್ ಮಾಡುವುದು ಗಡ್ಡ ಇರುವ ಮೂಲ ಪ್ಲೇಟಿನಿಂದಲೇ. ಕತ್ತಿನ ಕೆಲಸ ಬೇರೆ ಟ್ರ್ಯಾಕ್, ಕಂಪ್‌ನಲ್ಲಿ. ಹೊಸ ಮುಖ ಕೂತು ಗ್ರೇಡ್ ಆದ ಮೇಲೆ, ಆ ಗಲ್ಲದ ಬಣ್ಣ ನೋಡಿಕೊಂಡು ಕತ್ತಿಗೆ ಚರ್ಮ ಹಾಕಬೇಕು. ಉಲ್ಟಾ ಮಾಡಿದರೆ ಎರಡು ಸಲ ಹೊಂದಿಸಬೇಕಾಗುತ್ತದೆ.

ಕತ್ತಿಗೆ: ಪ್ಲೇಟಿನ ಗ್ರೇನ್ ತೆಗೆಯಿರಿ. ಕತ್ತು ಅತಿ ಚೆನ್ನಾಗಿ ಕಾಣುವ ಒಂದೇ ಫ್ರೇಮ್ ಆರಿಸಿ, ಉದಾಹರಣೆಗೆ 62. ಗಡ್ಡ ಮುಗಿಯುವ ಜಾಗದ ಕೆಳಗೆ, ಕತ್ತಿನ ಪಕ್ಕದಲ್ಲಿ ಡೂಪ್‌ನದೇ ಒಳ್ಳೆಯ ಚರ್ಮ ಸಿಗುತ್ತದೆ, ಅಲ್ಲಿಂದ ಕ್ಲೋನ್ ಮಾಡಿ. ಅದನ್ನು ಸ್ಮಾರ್ಟ್‌ವೆಕ್ಟರ್ ಮೇಲೆ ಉಳಿದ ಫ್ರೇಮುಗಳಿಗೆ ಒಯ್ಯಿರಿ. ತಲೆ ಜೋರಾಗಿ ತಿರುಗುವ ಕಡೆ ಅದು ಕಿತ್ತುಹೋಗುತ್ತದೆ, ಅಲ್ಲಿ ಇನ್ನೊಂದು ಫ್ರೇಮ್ ಪೇಂಟ್ ಮಾಡಿ ಎರಡನ್ನೂ ಬೆರೆಸಿ. 144 ಫ್ರೇಮಿಗೆ ಮೂರು ನಾಲ್ಕು ಪೇಂಟ್ ಫ್ರೇಮ್ ಸಾಕಾಗಬೇಕು. ಕೊನೆಗೆ ಗ್ರೇನ್ ವಾಪಸ್.

ಎಲ್ಲರೂ ಮರೆಯುವ ಎರಡು ವಿಷಯ. ಒಂದು ಗಲ್ಲದಡಿಯ ನೆರಳು. ಗಡ್ಡ ತೆಗೆದಾಗ ಅದರ ಕಪ್ಪಿನ ಜೊತೆ ನೆರಳೂ ಹೋಗಿಬಿಡುತ್ತದೆ, ತಲೆ ತೇಲಿದ ಹಾಗೆ ಕಾಣುತ್ತದೆ. ನೆರಳನ್ನು ಬೇರೆ ಪದರದಲ್ಲಿ ಮತ್ತೆ ಬಿಡಿಸಬೇಕು. ಇನ್ನೊಂದು ಬೋಳಿಸಿದ ಚರ್ಮದ ಬಣ್ಣ. ದಟ್ಟ ಗಡ್ಡ ಬರುವ ಗಂಡಸರ ಗಲ್ಲ ಈಗಷ್ಟೇ ಬೋಳಿಸಿದ್ದರೂ ಕೆನ್ನೆಯ ಬಣ್ಣ ಇರುವುದಿಲ್ಲ, ಒಂದು ತೆಳು ನೀಲಿ-ಬೂದು ಛಾಯೆ ಇರುತ್ತದೆ. ಕೆನ್ನೆಯ ಬಣ್ಣವನ್ನೇ ಗಲ್ಲದಡಿಗೂ ಹಚ್ಚಿದರೆ ಅಂಗಡಿಯ ಗೊಂಬೆ ಆಗುತ್ತದೆ. ಪ್ಯಾಚ್‌ನಲ್ಲಿ ಕೆಂಪನ್ನು ಸ್ವಲ್ಪ ಇಳಿಸಿ, ಹೀರೋ ಗಲ್ಲದ ಪಕ್ಕ ಇಟ್ಟು ನೋಡಿ.

ಸಾಗರ_ಕಂಪ್

ಹಳೇ_ಫ್ರೇಮ್ ಸರ್, ಸೋರ್ಸ್ ನೋಡಿದೆ. ನೀವು ಹೇಳಿದ್ದೇ ಸರಿ. 3,800ರಲ್ಲಿ ಮೀಸೆ ಮಾತ್ರ ಇರುವ, ಗಲ್ಲ ನುಣ್ಣಗಿರುವ ಚಿತ್ರ ಸುಮಾರು 900. ಮಿಕ್ಕಿದ್ದೆಲ್ಲ ಕುರುಚಲು. ಎಡ ತಿರುವಿನವು ಪೂರ್ತಿ ಕುರುಚಲು ದಿನದವು. ಆ 2,900 ಚಿತ್ರ ಅಳಿಸಿಬಿಡಲಾ?

ಹಳೇ_ಫ್ರೇಮ್

ಅಳಿಸಬೇಡಿ. ಮೂಗು, ಕಣ್ಣು, ಹಣೆ, ಎಡ ತಿರುವಿನ ಆಕಾರ ಎಲ್ಲ ಅವುಗಳಲ್ಲಿದೆ. ಕೆಟ್ಟಿರುವುದು ಗಲ್ಲ ಮಾತ್ರ. ಹೀಗೆ ಮಾಡಿ.

ಮೊದಲ ಹಂತ, `Random warp` ಚಾಲೂ ಇರುವಾಗ, ಎಲ್ಲ 3,800 ಇಟ್ಟೇ ಓಡಿಸಿ. ಈ ಹಂತದಲ್ಲಿ ಮಾಡೆಲ್ ಕಲಿಯುವುದು ಆಕಾರ, ಭಾವ. `Uniform yaw` ಹಾಕಿದರೆ ಪಕ್ಕದ ಕೋನಗಳೂ ಸರಿಯಾಗಿ ಬರುತ್ತವೆ. ಎರಡನೇ ಹಂತ, ವಾರ್ಪ್ ತೆಗೆದು ವಿವರ ಕಲಿಸುವ ಸಮಯ. ಆಗ 2,900 ಅನ್ನು ಬೇರೆ ಫೋಲ್ಡರಿಗೆ ಸರಿಸಿ, 900 ಮಾತ್ರ ಉಳಿಸಿ. ಚರ್ಮದ ವಿವರ, ಗಲ್ಲದ ಬಣ್ಣ ಎಲ್ಲ ಈಗ ಗಟ್ಟಿಯಾಗುತ್ತವೆ.

ಆದರೆ ಎಡ ತಿರುವಿನಲ್ಲಿ 900ರೊಳಗೆ ಏನೂ ಇಲ್ಲ ಅಂದಿರಿ. ಅಲ್ಲಿ ಮಾಡೆಲ್ ಹಳೆಯ ಕುರುಚಲನ್ನೇ ನೆನಪಿನಿಂದ ತರುತ್ತದೆ, ಇಲ್ಲವೇ ಮೇಣದ ಗಲ್ಲ ಕೊಡುತ್ತದೆ. ಎರಡು ದಾರಿ. ಬಲ ತಿರುವಿನ ಚಿತ್ರಗಳನ್ನು ಅಡ್ಡ ತಿರುಗಿಸುವ `Flip SRC faces randomly` ಇದೆ, ತಾತ್ಕಾಲಿಕಕ್ಕೆ ನಡೆಯುತ್ತದೆ. ಆದರೆ ಮುಖ ಎರಡೂ ಕಡೆ ಒಂದೇ ಇರುವುದಿಲ್ಲ, ಮಚ್ಚೆ, ಬೈತಲೆ ಅದಲುಬದಲಾಗುತ್ತವೆ. ಸರಿಯಾದ ದಾರಿ ಹೀರೋ ಅವರಿಂದ ಇಪ್ಪತ್ತು ನಿಮಿಷ ಕೇಳುವುದು. ಅದೇ ಮೀಸೆ, ಅದೇ ದಿನ ಬೋಳಿಸಿದ ಗಲ್ಲ. ಎಡದಿಂದ ಬಲಕ್ಕೆ ನಿಧಾನ ತಿರುವು, ಅದನ್ನೇ ಗಲ್ಲ ಎತ್ತಿ ಒಮ್ಮೆ, ಇಳಿಸಿ ಒಮ್ಮೆ. ಒಂದು ಪುಟ ಜೋರಾಗಿ ಓದಿಸಿ, ಹಲ್ಲು ಕಚ್ಚಿಸಿ, ಕಣ್ಣು ಕಿರಿದಾಗಿಸಿ. ಮೊದಲು ಮೃದು ಬೆಳಕಲ್ಲಿ, ಆಮೇಲೆ ಶಾಟಿನಲ್ಲಿ ಬಿಸಿಲು ಬಂದ ದಿಕ್ಕಿನಿಂದ ಒಂದು ಗಡಸು ಬೆಳಕು ಹಾಕಿ ಇನ್ನೊಮ್ಮೆ.

ಪಿಕ್ಸೆಲ್_ಗೌಡ

ಇಷ್ಟೆಲ್ಲಾ ಯಾಕೆ, ಗ್ಯಾನ್ ಹಾಕಿದ್ರೆ ಸ್ಕಿನ್ ಡೀಟೇಲ್ ತಾನಾಗೇ ಬರುತ್ತಲ್ವಾ?

ಹಳೇ_ಫ್ರೇಮ್

ಬರುತ್ತದೆ, ಸೋರ್ಸ್‌ನಲ್ಲಿ ಇದ್ದ ಡೀಟೇಲ್ ಬರುತ್ತದೆ. ಸೋರ್ಸ್ ಮಿಶ್ರವಾಗಿದ್ದರೆ ಕುರುಚಲಿನ ಚುಕ್ಕೆಗಳನ್ನೂ ಡೀಟೇಲ್ ಅಂತಲೇ ಹೆಕ್ಕಿ ಗರಿಗರಿಯಾಗಿ ಕೊಡುತ್ತದೆ, ಪ್ರತಿ ಫ್ರೇಮಿಗೂ ಬೇರೆ ಜಾಗದಲ್ಲಿ. ಗಲ್ಲ ಕುದಿಯುವ ಹಾಗೆ ಕಾಣುತ್ತದೆ. ಸೋರ್ಸ್ ಶುದ್ಧವಾದ ಮೇಲೆ, ಎಲ್ಲ ಮುಗಿದು ಕೊನೆಗೆ ಗ್ಯಾನ್.

ಇಲ್ಲಿ ಒಂದು ಲೆಕ್ಕ ಮನಸ್ಸಿನಲ್ಲಿರಲಿ. ಹೋಲ್ ಫೇಸ್ ಚೌಕ ಅಂದಾಜು 25 ಸೆಂಟಿಮೀಟರ್ ಅಗಲವನ್ನು ಹಿಡಿಯುತ್ತದೆ ಅಂದುಕೊಳ್ಳಿ. 256 ಪಿಕ್ಸೆಲ್‌ಗೆ ಹಂಚಿದರೆ ಒಂದು ಪಿಕ್ಸೆಲ್ ಅಂದರೆ ಸುಮಾರು ಒಂದು ಮಿಲಿಮೀಟರ್. ಗಡ್ಡ, ಮೀಸೆಯ ಒಂದು ಕೂದಲ ದಪ್ಪ ಅದರ ಹತ್ತನೇ ಒಂದು ಭಾಗದ ಆಸುಪಾಸು. ಅಂದರೆ ಮಾಡೆಲ್ ಕೂದಲನ್ನು ಎಂದೂ ನೋಡಿಲ್ಲ. ಅದು ನೋಡಿರುವುದು ಕೂದಲಿನಿಂದ ಕಪ್ಪಾದ ಚೌಕಗಳನ್ನು. ಹಾಗಾಗಿ ಕುರುಚಲು ಕೊಳೆಯ ಹಾಗೆ, ಮೀಸೆ ಮಸಿಯ ಬ್ರಷ್ ಎಳೆದ ಹಾಗೆ ಬರುತ್ತದೆ. 512ಕ್ಕೆ ಹೋದರೂ ಅರ್ಧ ಮಿಲಿಮೀಟರ್, ಕೂದಲು ಆಗಲೂ ಸಿಗುವುದಿಲ್ಲ. ಮುಖ ದೂರದಲ್ಲಿದ್ದರೆ ಪರವಾಗಿಲ್ಲ. ಕ್ಲೋಸಪ್‌ನಲ್ಲಿ ಮೀಸೆಯ ಕೂದಲು ಬೇಕೆಂದರೆ ಅದು ಬೇರೆ ಕಡೆಯಿಂದಲೇ ಬರಬೇಕು.

ಈಗ ಬಣ್ಣದ_ಪೆಟ್ಟಿಗೆ ಮೇಡಂ ಹೇಳಿದ್ದಕ್ಕೆ ಬರೋಣ. ಮುಂದಿನ ಶೆಡ್ಯೂಲ್‌ನಲ್ಲಿ ಇಂಥ ಶಾಟ್ ಇದ್ದರೆ ಡೂಪ್‌ಗೆ ನುಣ್ಣಗೆ ಬೋಳಿಸಿ, ಹೀರೋ ಮೀಸೆಯ ಅಚ್ಚಿನಲ್ಲೇ ಕಟ್ಟಿದ ಲೇಸ್ ಮೀಸೆ ಅಂಟಿಸಿ ಶೂಟ್ ಮಾಡಿಸಿ. ಆಗ ಮೀಸೆಯನ್ನು ಎಕ್ಸ್‌ಸೆಗ್ ಮಾಸ್ಕಿನಿಂದ ಹೊರಗಿಟ್ಟು ಪ್ಲೇಟಿನ ನಿಜವಾದ ಕೂದಲನ್ನೇ ಉಳಿಸಿಕೊಳ್ಳಬಹುದು. ಗಾಳಿಗೆ ಅಲುಗುವುದು, ಬೆಳಕು ಬೀಳುವುದು ಎಲ್ಲ ಪುಕ್ಕಟೆ.

ಬಣ್ಣದ_ಪೆಟ್ಟಿಗೆ

ಆಹಾ, ಹಾಗಾದ್ರೆ ನನ್ನ ಮಾತು ದಾರಿ ತಪ್ಪಿಯೂ ಊರು ಸೇರಿತು. ಒಂದು ಸೇರಿಸ್ತೀನಿ: ಹೀರೋಗೆ ಮೀಸೆ ಸ್ವಂತದ್ದಾದ್ರೆ ಅದರ ಫೋಟೋ ಎದುರಿಂದ, ಎರಡೂ ಪಕ್ಕದಿಂದ, ಪಕ್ಕದಲ್ಲಿ ಸ್ಕೇಲ್ ಹಿಡಿದು ತೆಗೆದಿಟ್ಟುಕೊಳ್ಳಿ. ಮೂಗಿನ ಕೆಳಗಿನ ಅಗಲ ಇಬ್ಬರಿಗೂ ಒಂದೇ ಇರಲ್ಲ. ಹೀರೋ ಅಳತೆಗೆ ಕಟ್ಟಿದ್ದು ಡೂಪ್ ತುಟಿಯ ತುದಿ ದಾಟಬಹುದು, ಆಗ ಮಾತಾಡಿದಾಗ ಮೂಲೆ ಬಿಟ್ಟುಕೊಳ್ಳುತ್ತೆ. ಮೂಲೆಗೆ ಗಮ್ ಜಾಸ್ತಿ ಹಾಕೋದಕ್ಕಿಂತ ಮೂಲೆಯ ಕೂದಲು ತೆಳು ಮಾಡೋದು ಒಳ್ಳೇದು.

ರೋಟೋ_ರಾಣಿ

ಮೀಸೆಯನ್ನು ಹೊರಗಿಡುವಾಗ ಪಾಲಿಗಾನ್ ಎಲ್ಲಿ ಎಳೆಯುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಸಾಮಾನ್ಯವಾಗಿ ಎಲ್ಲರೂ ತುಟಿಯ ಅಂಚಿಗೆ ಎಳೆಯುತ್ತಾರೆ. ಹೀರೋ ಬಾಯಿ ಡೂಪ್ ಬಾಯಿಗಿಂತ ಎರಡು ಪಿಕ್ಸೆಲ್ ಕೆಳಗೆ ಕೂತರೆ ಮುಗಿಯಿತು, ಡೂಪ್‌ನ ಮೇಲ್ತುಟಿಯ ಒಂದು ಚೂರು, ಅದರ ಕೆಳಗೆ ಹೀರೋ ಮೇಲ್ತುಟಿ, ಎರಡು ತುಟಿ. ಗೆರೆಯನ್ನು ಕೂದಲ ಒಳಗೇ ಎಳೆಯಿರಿ, ತುಟಿಯಿಂದ ಎರಡು ಮೂರು ಮಿಲಿಮೀಟರ್ ಮೇಲೆ. ಗೆರೆಯ ಮೇಲಿರುವುದು ಪ್ಲೇಟಿನ ಮೀಸೆ, ಕೆಳಗಿರುವುದು ಮಾಡೆಲ್ ಬಿಡಿಸಿದ ಮೀಸೆಯ ತುದಿ ಮತ್ತು ತುಟಿ. ಕೂದಲಿಗೆ ಕೂದಲು ಬೆರೆಯುತ್ತದೆ. ಸೋರ್ಸ್‌ನಲ್ಲೂ ಮೀಸೆ ಇರುವುದರಿಂದ ಇದು ಸಾಧ್ಯ. ಸೋರ್ಸ್ ನುಣ್ಣಗಿದ್ದರೆ ಈ ಉಪಾಯ ನಡೆಯದು.

ಸೂಪರ್‌ಮ್ಯಾನ್ ಮೀಸೆ ಕಥೆ ಎಲ್ಲರಿಗೂ ಗೊತ್ತಿರುತ್ತದೆ. 2017ರ ಜಸ್ಟಿಸ್ ಲೀಗ್ ಮರುಚಿತ್ರೀಕರಣದ ಹೊತ್ತಿಗೆ ಹೆನ್ರಿ ಕ್ಯಾವಿಲ್ ಮಿಷನ್ ಇಂಪಾಸಿಬಲ್‌ಗಾಗಿ ಮೀಸೆ ಬಿಟ್ಟಿದ್ದರು, ಬೋಳಿಸುವ ಹಾಗಿರಲಿಲ್ಲ, ಕಂಪ್ಯೂಟರಿನಲ್ಲಿ ತೆಗೆದರು. ಅಷ್ಟು ದೊಡ್ಡ ಚಿತ್ರದಲ್ಲೂ ಜನ ಮೇಲ್ತುಟಿಯನ್ನೇ ಆಡಿಕೊಂಡರು. ಮೀಸೆ ತೆಗೆಯುವುದು ಗಡ್ಡ ತೆಗೆಯುವುದಕ್ಕಿಂತ ಕಷ್ಟ. ಮೂಗಿನಿಂದ ತುಟಿಯವರೆಗಿನ ಆ ಬೆರಳಗಲ ಜಾಗ ಮಾತಿನ ಪ್ರತಿ ಅಕ್ಷರಕ್ಕೂ ಮಡಚುತ್ತದೆ.

ನಿಶಾಚರ_84

ನನ್ನ ಹತ್ತಿರ ಒಬ್ಬ ನಟಿಯ ಇಂಟರ್‌ವ್ಯೂ ಕ್ಲಿಪ್ಸ್ ತುಂಬಾ ಇವೆ, ಎಲ್ಲಾ ಬೇರೆ ಬೇರೆ ಮೇಕಪ್. ಅದನ್ನ ಇನ್ನೊಂದು ವಿಡಿಯೋಗೆ ಹಾಕ್ಬೇಕು, ಲಿಪ್‌ಸ್ಟಿಕ್ ಮ್ಯಾಚ್ ಆಗ್ತಿಲ್ಲ.

ನಿರ್ವಾಹಕ

ನಟಿಯ ಒಪ್ಪಿಗೆ ಇದ್ದರೆ ಅವರ ಕಡೆಯವರೇ ಒಂದೇ ಮೇಕಪ್‌ನಲ್ಲಿ ಸೋರ್ಸ್ ಶೂಟ್ ಮಾಡಿಕೊಡುತ್ತಾರೆ. ಇಲ್ಲದಿದ್ದರೆ ಈ ವೇದಿಕೆಯಲ್ಲಿ ಅದಕ್ಕೆ ಯಾರೂ ಸಹಾಯ ಮಾಡುವುದಿಲ್ಲ. ಇದರ ಕೆಳಗೆ ಚರ್ಚೆ ಬೇಡ.

ಕರಾವಳಿ_ಸೋನ

ಮೇಕಪ್ ಮಾತು ಬಂದದ್ದರಿಂದ ನನ್ನದೂ ಒಂದು ಕೇಳಿಬಿಡುತ್ತೇನೆ. ನೃತ್ಯದ ಹಾಡು. ಡೂಪ್ ಭರತನಾಟ್ಯದವರು, ಪೂರ್ತಿ ಅಲಂಕಾರ: ದೊಡ್ಡ ಕುಂಕುಮ, ಉದ್ದ ಎಳೆದ ಕಾಡಿಗೆ, ಮೂಗುತಿ, ಗಾಢ ಕೆಂಪು ತುಟಿ. ನಾಯಕಿಯ ಸೋರ್ಸ್ ಸಾದಾ ಮೇಕಪ್‌ನಲ್ಲಿದೆ, ಇದಕ್ಕಾಗಿಯೇ ತೆಗೆದದ್ದು. ಕುಂಕುಮ, ಮೂಗುತಿ ಎರಡನ್ನೂ ಎಕ್ಸ್‌ಸೆಗ್‌ನಲ್ಲಿ ಹೊರಗಿಟ್ಟು ಸುಮಾರು 80 ಫ್ರೇಮ್ ಗುರುತು ಮಾಡಿ ಟ್ರೈನ್ ಮಾಡಿದೆ. ಕುಂಕುಮ ಕೆಲವು ಫ್ರೇಮಿನಲ್ಲಿ ಉಳಿಯುತ್ತದೆ, ಕೆಲವದರಲ್ಲಿ ಕರಗುತ್ತದೆ. ಮೂಗುತಿ ಇಲ್ಲವೇ ಇಲ್ಲ.

ರೋಟೋ_ರಾಣಿ

ಸೋನ, ಎಕ್ಸ್‌ಸೆಗ್ ಅಂಥ ಸಣ್ಣ ತೂತಿಗೆ ಹೇಳಿ ಮಾಡಿಸಿದ್ದಲ್ಲ. ಕೈ, ಮೈಕು, ಕೂದಲ ಗೊಂಚಲಿಗೆ ಅದು ಸರಿ. ಮೇಲೆ ಹೇಳಿದ ಲೆಕ್ಕವನ್ನೇ ಹಾಕಿ: ನಾಲ್ಕು ಮಿಲಿಮೀಟರ್ ಮೂಗುತಿ ಅಂದರೆ ನಾಲ್ಕು ಪಿಕ್ಸೆಲ್. ಅದರ ಮೇಲೆ ಮರ್ಜರ್‌ನ ಬ್ಲರ್ ಬಂದರೆ ತೂತು ಮುಚ್ಚಿಯೇ ಹೋಯಿತು. ಮಾಸ್ಕನ್ನು ಇಡಿಯಾಗಿ ಬಿಡಿ, ಹೊಸ ಮುಖ ಪೂರ್ತಿ ಕೂರಲಿ. ಆಮೇಲೆ ಮೂಲ ಪ್ಲೇಟಿನಿಂದ ಕುಂಕುಮ, ಮೂಗುತಿ ಎರಡನ್ನೂ ರೋಟೋ ಮಾಡಿ ಮೇಲೆ ಅಂಟಿಸಿ. ಹಣೆ, ಮೂಗು ಡೂಪ್‌ನ ಚಲನೆಯನ್ನೇ ಅನುಸರಿಸುತ್ತಿರುವುದರಿಂದ ಹೆಚ್ಚು ಟ್ರ್ಯಾಕಿಂಗ್ ಬೇಡ. ನಾಯಕಿಯ ಮೂಗಿನ ಹೊಳ್ಳೆ ಬೇರೆ ಜಾಗದಲ್ಲಿದ್ದರೆ ಒಂದೆರಡು ಪಿಕ್ಸೆಲ್ ಸರಿಸಿ. ಮೂಗುತಿಯ ನೆರಳನ್ನೂ ಜೊತೆಗೆ ತನ್ನಿ, ಇಲ್ಲದಿದ್ದರೆ ಸ್ಟಿಕ್ಕರ್ ಆಗುತ್ತದೆ.

ತುಟಿಯ ಬಣ್ಣವನ್ನು ಮಾಡೆಲ್‌ಗೆ ಕಲಿಸಲು ಹೋಗಬೇಡಿ. ಸಾದಾ ತುಟಿಯೇ ಬರಲಿ, ಕಂಪ್‌ನಲ್ಲಿ ಬಣ್ಣ ಹಾಕಿ. ಮ್ಯಾಟ್ ತುಟಿಗೆ ಮಾತ್ರ ಇರಬೇಕು. ಬಾಯಿಯ ಸುತ್ತ ಒಂದು ಗೋಲಾಕಾರ ಹಾಕಿ ಕೆಂಪು ಏರಿಸಿದರೆ ಹಲ್ಲಿಗೂ ವೀಳ್ಯದೆಲೆ ತಿಂದ ಬಣ್ಣ ಬರುತ್ತದೆ.

ಹಳೇ_ಫ್ರೇಮ್

ಕಾಡಿಗೆಗೆ ಮಾತ್ರ ಈ ಉಪಾಯ ಇಲ್ಲ. ಕಣ್ಣಿನ ರೆಪ್ಪೆಯನ್ನು ಹೊರಗಿಟ್ಟರೆ ಆ ಮುಖ ನಾಯಕಿಯದಾಗಿ ಉಳಿಯುವುದಿಲ್ಲ, ರೆಪ್ಪೆ ಮಿಟುಕಿಸಿದಾಗ ಎರಡು ರೆಪ್ಪೆಯ ಗೆರೆ ಕಾಣುತ್ತವೆ. ಮೇಲಿಂದ ಬರೆದರೆ ಪ್ರತಿ ಮಿಟುಕಿಗೂ ಕೈಯಿಂದ ಸರಿಮಾಡಬೇಕು. ಸೋರ್ಸ್ ಅನ್ನು ಕಾಡಿಗೆ ಹಚ್ಚಿ ಮತ್ತೆ ಶೂಟ್ ಮಾಡಿಸುವುದೇ ಅಗ್ಗ. ಕಣ್ಣಿನ ಕಾಡಿಗೆ ಸೋರ್ಸ್‌ನಲ್ಲಿ, ತುಟಿ ಕುಂಕುಮ ಕಂಪ್‌ನಲ್ಲಿ. ಕಿವಿಯ ಕಡೆಗೆ ಎಳೆದ ಬಾಲವನ್ನು ಪ್ಲೇಟಿನಿಂದ ತರಬಹುದು, ಅಲ್ಲಿ ಚರ್ಮ ಹೆಚ್ಚು ಅಲುಗುವುದಿಲ್ಲ.

ಕರಾವಳಿ_ಸೋನ

ಕೆನ್ನೆಯ ರೂಜ್? ಡೂಪ್ ಕೆನ್ನೆಯ ಕೆಂಪು ಹೊಸ ಮುಖದಲ್ಲಿ ಇಲ್ಲವಾಗುತ್ತಿದೆ. ಪ್ಲೇಟನ್ನು ಜೋರಾಗಿ ಬ್ಲರ್ ಮಾಡಿ, ಅದರ ಬಣ್ಣವನ್ನಷ್ಟೇ ಹೊಸ ಮುಖದ ಮೇಲೆ ಹಾಕಿದರೆ ಆಗದೇ?

ರೋಟೋ_ರಾಣಿ

ಆಗುತ್ತದೆ, ನಾನು ಹಾಗೇ ಮಾಡುವುದು. ಬೆಳಕು ಬೇಡ, ಬಣ್ಣ ಮಾತ್ರ ತೆಗೆದುಕೊಳ್ಳಿ.

ಹಳೇ_ಫ್ರೇಮ್

ನನಗೆ ಇದು ಒಪ್ಪಿಗೆಯಿಲ್ಲ. ರೂಜ್ ಹಚ್ಚಿರುವುದು ಡೂಪ್ ಕೆನ್ನೆಯ ಮೂಳೆಯ ಮೇಲೆ. ನಾಯಕಿಯ ಮೂಳೆ ಬೇರೆ ಎತ್ತರದಲ್ಲಿದ್ದರೆ ಆ ಕೆಂಪು ಡೂಪ್‌ನ ಮುಖದ ಆಕಾರವನ್ನು ವಾಪಸ್ ತರುತ್ತದೆ. ಎದುರಿನಿಂದ ಗೊತ್ತಾಗುವುದಿಲ್ಲ, ಮುಕ್ಕಾಲು ತಿರುವಿನಲ್ಲಿ ಗೊತ್ತಾಗುತ್ತದೆ.

ರೋಟೋ_ರಾಣಿ

ಹಾಡಿನ ಬೆಳಕಲ್ಲಿ ಅಷ್ಟು ಯಾರ ಕಣ್ಣಿಗೂ ಬೀಳದು. ಎರಡೂ ಮಾಡಿ ಪಕ್ಕಪಕ್ಕ ಇಟ್ಟು ನೋಡಿ ಸೋನ, ನಮ್ಮಿಬ್ಬರ ಮಾತು ನಂಬಬೇಡಿ.

ಸಾಗರ_ಕಂಪ್

ವರದಿ ಒಪ್ಪಿಸುತ್ತೇನೆ. ಹೀರೋ ಸೆಷನ್ ಸಿಕ್ಕಿತು, ಎಡ ತಿರುವು ತುಂಬಿತು. 900ರ ಜೊತೆ ಹೊಸ 1,100 ಚಿತ್ರ ಸೇರಿಸಿ ಎರಡನೇ ಹಂತ ಓಡಿಸಿದೆ. ಬಂದು ಹೋಗುತ್ತಿದ್ದ ಮಬ್ಬು ಹೋಗಿದೆ. ಈಗ ಉಳಿದಿರುವುದು ಎಲ್ಲ ಫ್ರೇಮಿನಲ್ಲೂ ಇರುವ ಒಂದು ತೆಳು ಕಪ್ಪು, ಗಲ್ಲದ ಗುಳಿಯ ಕೆಳಗೆ. ಬಣ್ಣವನ್ನು ಹಣೆ, ಕೆನ್ನೆಯಿಂದ ಅಳೆದು ಹಾಕಿದೆ, ಬೂದಿ ಹೋಯಿತು. ಕತ್ತಿಗೆ ನಾಲ್ಕು ಪೇಂಟ್ ಫ್ರೇಮ್ ಬೇಕಾಯಿತು.

ಹೊಸದಾಗಿ ಕಂಡದ್ದು ಎರಡು. ಪಕ್ಕದ ನೋಟದಲ್ಲಿ ದವಡೆಯ ಹೊರಗೆ ರಸ್ತೆಯ ಹಿನ್ನೆಲೆಯ ಮೇಲೆ ಒಂದು ನೂಲಿನಷ್ಟು ಕಪ್ಪು ಅಂಚು. ಇನ್ನೊಂದು, ಫ್ರೇಮ್ 88ರಿಂದ 97ರವರೆಗೆ ಹೆಲ್ಮೆಟ್ ಪಟ್ಟಿ ಗಾಳಿಗೆ ಎದ್ದು ಗಲ್ಲದ ಮೇಲೆ ಬರುತ್ತದೆ, ಪಟ್ಟಿಯ ಅಂಚಿನಲ್ಲಿ ಡೂಪ್ ಗಡ್ಡ ಇಣುಕುತ್ತದೆ.

ಹಳೇ_ಫ್ರೇಮ್

ಎಲ್ಲ ಫ್ರೇಮಿನಲ್ಲಿ ಇರುವ ತೆಳು ಕಪ್ಪು ಈಗ ನಿಜಕ್ಕೂ `liae` ಸೋರಿಕೆ. `df` ನಲ್ಲಿ ಮತ್ತೆ ಶುರು ಮಾಡಿದರೆ ಹೋಗುತ್ತದೆ, ಆದರೆ ಬಿಸಿಲು ಬದಲಾಗುವ ಶಾಟಿನಲ್ಲಿ `df` ಬೆಳಕನ್ನು ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಅದೊಂದು ಚೂರಿಗೆ ಇಡೀ ಟ್ರೈನಿಂಗ್ ಬೇಡ, ಟ್ರ್ಯಾಕ್ ಮಾಡಿದ ಮೃದು ಮ್ಯಾಟ್ ಹಾಕಿ ಗ್ರೇಡ್‌ನಲ್ಲಿ ಎತ್ತಿ.

ಹೊರಗಿನ ಅಂಚು ಗಡ್ಡದ ದಪ್ಪ. ಗಡ್ಡ ದಿನಕ್ಕೆ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ಬೆಳೆಯುತ್ತದೆ, ಹತ್ತು ದಿನಕ್ಕೆ ಮೂರು ಮಿಲಿಮೀಟರ್. ಮುಖದ ಆಕಾರವೇ ಅಷ್ಟು ಹೊರಗೆ ಬಂದಿರುತ್ತದೆ. ಮಾಸ್ಕ್ ಹಿಗ್ಗಿಸಬೇಡಿ, ಹಿಗ್ಗಿಸಿದರೆ ಹೀರೋ ದವಡೆ ದಪ್ಪಗಾಗುತ್ತದೆ. ಹಿನ್ನೆಲೆಯನ್ನು ಒಳಕ್ಕೆ ತರಬೇಕು. ರಸ್ತೆ ಹೇಗೂ ಮೋಷನ್ ಬ್ಲರ್‌ನಲ್ಲಿದೆ, ಅಂಚಿನಿಂದ ಹತ್ತು ಪಿಕ್ಸೆಲ್ ಆಚೆಯ ಹಿನ್ನೆಲೆಯನ್ನು ಎಳೆದು ತುಂಬಿದರೆ ಸಾಕು.

ರೋಟೋ_ರಾಣಿ

ಪಟ್ಟಿಗೆ: ಆ ಹತ್ತು ಫ್ರೇಮನ್ನು ಎಕ್ಸ್‌ಸೆಗ್‌ಗೆ ಬಿಡಬೇಡಿ. ಪಟ್ಟಿಯನ್ನು ಕೈಯಿಂದ ರೋಟೋ ಮಾಡಿ, ಗೆರೆಯನ್ನು ಪಟ್ಟಿಯ ಅಂಚಿಗಿಂತ ಒಂದು ಪಿಕ್ಸೆಲ್ ಒಳಗೆ ಇಡಿ, ಆಗ ಅಂಚಿಗೆ ಅಂಟಿದ ಗಡ್ಡ ಹೊರಗುಳಿಯುತ್ತದೆ. ಪಟ್ಟಿಯ ಮೇಲೆಯೇ ಒಂದೆರಡು ಕೂದಲು ಹಾದು ಹೋಗಿದ್ದರೆ ಅವನ್ನು ಪೇಂಟ್ ಮಾಡಿ. ಹೊಸ ಗಲ್ಲದ ಮೇಲೆ ಪಟ್ಟಿಯ ನೆರಳು ಬೀಳಿಸುವುದನ್ನು ಮರೆಯಬೇಡಿ, ಬಿಸಿಲು ಯಾವ ಕಡೆಯಿಂದ?

ಸಾಗರ_ಕಂಪ್

ಎಡ ಮೇಲಿಂದ, ಸಂಜೆ ನಾಲ್ಕರ ಬಿಸಿಲು.

ರೋಟೋ_ರಾಣಿ

ಹಾಗಾದರೆ ನೆರಳು ಪಟ್ಟಿಯ ಬಲಕ್ಕೆ, ಸ್ವಲ್ಪ ಕೆಳಗೆ. 92ನೇ ಫ್ರೇಮಿನಲ್ಲಿ ಪಟ್ಟಿ ಗಲ್ಲದಿಂದ ಅತಿ ದೂರ ಇದ್ದರೆ ಅಲ್ಲಿ ನೆರಳು ಮಸುಕಾಗಿ ಅಗಲವಾಗಬೇಕು, ಪಟ್ಟಿ ಗಲ್ಲಕ್ಕೆ ತಾಗುವ ಕಡೆ ಹರಿತ. ಡೂಪ್ ಗಡ್ಡದ ಮೇಲೆ ಬಿದ್ದ ನೆರಳು ಪ್ಲೇಟಿನಲ್ಲಿ ಇದೆಯಲ್ಲ, ಅದನ್ನೇ ನೋಡಿಕೊಂಡು ಬಿಡಿಸಿ.